ಫೋಟೋದಿಂದ ಕೋಡಿಂಗ್ ಶೀಟಿಗೆ: ತಿರುವು ಹೇಳಿಕೆಗಳ ಪಾಠ



ಎರಿನ್ ಮಿಲ್ಸ್‌ನ ನಮ್ಮ ತರಗತಿಯ ದೊಡ್ಡ ಮಕ್ಕಳಲ್ಲಿ ಹಲವರು ಮುಂದೆ ಹೈಸ್ಕೂಲಿನಲ್ಲಿ ಸಮಾಜಶಾಸ್ತ್ರವನ್ನೋ, 12ನೇ ತರಗತಿಯ ದತ್ತಾಂಶ ನಿರ್ವಹಣೆಯ ಗಣಿತವನ್ನೋ ತೆಗೆದುಕೊಳ್ಳುತ್ತಾರೆ. ಅಲ್ಲಿ ಒಂದು ಪ್ರಾಜೆಕ್ಟ್ ಬಂದೇ ಬರುತ್ತದೆ. ಹೆಚ್ಚಿನವರು ಪ್ರಶ್ನಾವಳಿಯನ್ನೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ಅದು ಸುಲಭವೆಂದು ತೋರುತ್ತದೆ. ಪ್ರಶ್ನೆ ಬರೆಯುವುದರಲ್ಲಿ ಎಲ್ಲರಿಗೂ ಉತ್ಸಾಹ, ಕೊನೆಯಲ್ಲಿ ಬಣ್ಣಬಣ್ಣದ ಗ್ರಾಫ್ ಹಾಕುವುದರಲ್ಲೂ ಉತ್ಸಾಹ. ನಡುವೆ ಒಂದು ಕೆಲಸವಿದೆ, ತುಂಬಿದ ಹಾಳೆಗಳಲ್ಲಿನ ಗುರುತುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಸೇರಿಸುವುದು. ಅದನ್ನು ಯಾರೂ ಪಾಠವೆಂದು ಹೇಳಿಕೊಡುವುದಿಲ್ಲ. ಈ ಸಲ ನಾವು ಆ ನಡುವಿನ ಕೆಲಸವನ್ನೇ ಪಾಠವಾಗಿ ತೆಗೆದುಕೊಂಡಿದ್ದೇವೆ. ಕಾಗದದ ಹಾಳೆಗಳು ಒಬ್ಬರ ಮನೆಯಲ್ಲಿ, ಅಂಕ ಸೇರಿಸುವವರು ಇನ್ನೊಬ್ಬರ ಮನೆಯಲ್ಲಿ ಇರುವುದರಿಂದ ಈಗ ಎಲ್ಲರೂ ಫೋನಿನಲ್ಲಿ ಫೋಟೋ ತೆಗೆದು ಕಳುಹಿಸುತ್ತಾರೆ. ಆದ್ದರಿಂದ ಫೋಟೋ ನೋಡಿ ಅಂಕ ಹಾಕುವುದನ್ನೇ ಇಲ್ಲಿ ವಿವರಿಸುತ್ತೇವೆ.

ಮೊದಲು ಈ ಬಗೆಯ ಪ್ರಶ್ನಾವಳಿಯ ಹುಟ್ಟು. ಅಮೆರಿಕದ ರೆನ್ಸಿಸ್ ಲಿಕರ್ಟ್ ಎಂಬ ವಿದ್ವಾಂಸರು 1932ರಲ್ಲಿ ಜನರ ಮನೋಭಾವವನ್ನು ಅಳೆಯುವ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ಒಂದು ಹೇಳಿಕೆಯನ್ನು ಕೊಟ್ಟು, ಅದನ್ನು ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಐದು ಮೆಟ್ಟಿಲುಗಳಲ್ಲಿ ಕೇಳುವುದು, ಮೆಟ್ಟಿಲುಗಳಿಗೆ 1ರಿಂದ 5ರವರೆಗೆ ಅಂಕ ಕೊಟ್ಟು ಕೂಡುವುದು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಲೆಕ್ಕಾಚಾರಗಳು ಬಹಳ ತೊಡಕಿನವು. ಸರಳವಾದ ಈ 1–5 ಅಂಕಗಳೂ ಹೆಚ್ಚುಕಡಿಮೆ ಅದೇ ಫಲ ಕೊಡುತ್ತವೆ ಎಂದು ಅವರು ತೋರಿಸಿದ್ದರಿಂದ ವಿಧಾನ ಎಲ್ಲೆಡೆ ಹರಡಿತು. ಇಂದು ಆಸ್ಪತ್ರೆಯಿಂದ ಹೋಟೆಲಿನವರೆಗೆ ಎಲ್ಲರೂ ನಮ್ಮ ಕೈಗೆ ಕೊಡುವ ಐದು ಚೌಕಗಳ ಹಾಳೆ ಅವರ ಹೆಸರಿನದೇ.

ಲಿಕರ್ಟ್ ಇನ್ನೊಂದು ಸಲಹೆಯನ್ನೂ ಕೊಟ್ಟಿದ್ದರು. ಎಲ್ಲ ಹೇಳಿಕೆಗಳೂ ಒಂದೇ ದಿಕ್ಕಿಗೆ ಮುಖ ಮಾಡಿರಬಾರದು, ಕೆಲವು ವಿಷಯದ ಪರವಾಗಿಯೂ ಕೆಲವು ವಿರುದ್ಧವಾಗಿಯೂ ಇರಬೇಕು. ಇಲ್ಲದಿದ್ದರೆ ಓದದೆಯೇ ಸಾಲಾಗಿ ಒಂದೇ ಚೌಕಕ್ಕೆ ಗುರುತು ಹಾಕಿಕೊಂಡು ಹೋಗುವವರು ಗೊತ್ತಾಗುವುದಿಲ್ಲ. ಹೀಗೆ ವಿರುದ್ಧ ದಿಕ್ಕಿನಲ್ಲಿರುವ ಹೇಳಿಕೆಗಳಿಗೆ ಕೂಡುವ ಮೊದಲು ಅಂಕವನ್ನು ತಿರುಗಿಸಬೇಕು. ಇಂಗ್ಲಿಷಿನಲ್ಲಿ ಇದನ್ನು ರಿವರ್ಸ್ ಸ್ಕೋರಿಂಗ್ ಎನ್ನುತ್ತಾರೆ. ನಾವು ಇಲ್ಲಿ ಅಂಥವನ್ನು ತಿರುವು ಹೇಳಿಕೆಗಳು ಎಂದು ಕರೆಯುತ್ತೇವೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಎಡವುವುದು ಇಲ್ಲಿಯೇ.

ನಮ್ಮ ಮಾದರಿ ಪ್ರಶ್ನಾವಳಿ

ಪಾಠಕ್ಕೆಂದು ನಾವು ಎಂಟು ಹೇಳಿಕೆಗಳ ಒಂದು ಹಾಳೆ ಮಾಡಿಕೊಂಡಿದ್ದೇವೆ. ಕನ್ನಡದ ಬಗ್ಗೆ ಮಕ್ಕಳ ಮನೋಭಾವ ಅದರ ವಿಷಯ. ಕೆಳಗೆ ಬರುವ ಉತ್ತರಗಳೂ ಪಾಠಕ್ಕಾಗಿ ನಾವೇ ತುಂಬಿದವು, ಯಾರ ಮನೆಯ ಉತ್ತರಗಳೂ ಅಲ್ಲ. "ಖಂಡಿತ ಒಪ್ಪುವುದಿಲ್ಲ" ಎಂಬುದಕ್ಕೆ 1, "ಒಪ್ಪುವುದಿಲ್ಲ" 2, "ಹೇಳಲಾರೆ" 3, "ಒಪ್ಪುತ್ತೇನೆ" 4, "ಪೂರ್ತಿ ಒಪ್ಪುತ್ತೇನೆ" 5.

1. ಊಟದ ಹೊತ್ತಿನಲ್ಲಿ ಮನೆಯವರೆಲ್ಲ ಕನ್ನಡದಲ್ಲಿ ಮಾತಾಡುವುದು ನನಗೆ ಇಷ್ಟ.
2. ಮಾಲ್‌ನಲ್ಲಿ ಅಪ್ಪ ಅಮ್ಮ ನನ್ನೊಂದಿಗೆ ಕನ್ನಡದಲ್ಲಿ ಮಾತಾಡಿದರೆ ಮುಜುಗರವಾಗುತ್ತದೆ.
3. ಊರಿನಲ್ಲಿರುವ ಅಜ್ಜಿ ತಾತನ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಲು ಖುಷಿಯಾಗುತ್ತದೆ.
4. ಕನ್ನಡ ಓದಲು ಕಲಿಯುವುದು ದಂಡ.
5. ಇನ್ನೂ ಹೆಚ್ಚು ಕನ್ನಡ ಪದಗಳನ್ನು ಕಲಿಯಲು ನನಗೆ ಆಸೆ.
6. ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವುದೇ ನನಗೆ ಸರಿಯೆನಿಸುತ್ತದೆ.
7. ಕನ್ನಡ ಹಾಡು ಕೇಳುವುದು ನನಗೆ ಇಷ್ಟ.
8. ಕನ್ನಡದಲ್ಲಿ ಮಾತಾಡುವಾಗ ತಪ್ಪಾದರೂ ನನಗೆ ನಾಚಿಕೆಯಾಗುವುದಿಲ್ಲ.

ಇವುಗಳಲ್ಲಿ ತಿರುವು ಹೇಳಿಕೆಗಳು ಯಾವುವು? ಕೇಳಿದ ಕೂಡಲೇ ಹಲವು ಮಕ್ಕಳು 2, 4, 6 ಮತ್ತು 8 ಎನ್ನುತ್ತಾರೆ. ಎಂಟನೆಯದರ ಕೊನೆಯಲ್ಲಿ "ಇಲ್ಲ" ಇದೆಯಲ್ಲ! ಆದರೆ ನೋಡಬೇಕಾದದ್ದು ವಾಕ್ಯದಲ್ಲಿ "ಇಲ್ಲ" ಇದೆಯೇ ಎಂದಲ್ಲ. ಒಪ್ಪಿದ ಮಗುವಿಗೆ ಕನ್ನಡದ ಬಗ್ಗೆ ಒಲವು ಹೆಚ್ಚೋ ಕಡಿಮೆಯೋ ಎಂದು ನೋಡಬೇಕು. ತಪ್ಪಾದರೂ ನಾಚಿಕೆಪಡದ ಮಗುವಿನ ಒಲವು ಹೆಚ್ಚು, ಆದ್ದರಿಂದ 8 ನೇರ ಹೇಳಿಕೆ. ನಾಲ್ಕನೆಯದರಲ್ಲಿ "ಇಲ್ಲ" ಎಂಬ ಪದವೇ ಇಲ್ಲ, ಆದರೂ ಅದು ತಿರುವು. ನಮ್ಮ ಹಾಳೆಯಲ್ಲಿ ತಿರುವು ಹೇಳಿಕೆಗಳು 2, 4, 6 ಮಾತ್ರ.

ಈ ಪಟ್ಟಿಯನ್ನು ಕೈಯಲ್ಲಿರುವ ಹಾಳೆಯನ್ನು ಓದಿಯೇ ಮಾಡಬೇಕು, ಬೇರೆಲ್ಲಿಂದಲೋ ನಕಲು ಮಾಡಬಾರದು. ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಮಾರಿಸ್ ರೋಸೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ನ್ಯೂಯಾರ್ಕ್ ರಾಜ್ಯದ ಹತ್ತು ಹೈಸ್ಕೂಲುಗಳ ಐದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 1965ರಲ್ಲಿ ಆತ್ಮಗೌರವವನ್ನು ಅಳೆಯುವ ಹತ್ತು ಹೇಳಿಕೆಗಳ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಹತ್ತರಲ್ಲಿ ಐದು ತಿರುವು. ಆದರೆ ಆ ಹತ್ತು ಹೇಳಿಕೆಗಳ ಕ್ರಮ ಎಲ್ಲ ಪ್ರತಿಗಳಲ್ಲೂ ಒಂದೇ ಆಗಿಲ್ಲ. ಒಂದು ಕ್ರಮದಲ್ಲಿ ತಿರುವುಗಳು 3, 5, 8, 9, 10. ಅಷ್ಟೇ ಬಳಕೆಯಲ್ಲಿರುವ ಇನ್ನೊಂದರಲ್ಲಿ 2, 5, 6, 8, 9. ಹಾಳೆಯನ್ನು ಒಂದು ಕಡೆಯಿಂದಲೂ ತಿರುವು ಪಟ್ಟಿಯನ್ನು ಇನ್ನೊಂದು ಕಡೆಯಿಂದಲೂ ತಂದರೆ ನಾಲ್ಕು ಹೇಳಿಕೆಗಳ ಅಂಕ ತಲೆಕೆಳಗಾಗುತ್ತದೆ. ಕಂಪ್ಯೂಟರ್ ಏನೂ ಆಕ್ಷೇಪಿಸದೆ ಕೂಡಿ ಕೊಡುತ್ತದೆ.

ಫೋಟೋ ತೆಗೆಯುವಾಗ

ಪ್ರತಿ ಹಾಳೆಯ ಮೇಲ್ತುದಿಯಲ್ಲಿ ಹೆಸರಿನ ಬದಲು ಒಂದು ಸಂಖ್ಯೆ ಬರೆಯಿರಿ: 01, 02, 03. ಈ ಸಂಖ್ಯೆ ಫೋಟೋದಲ್ಲಿ ಕಾಣಲೇಬೇಕು. ಹಾಳೆಯ ನಾಲ್ಕೂ ಮೂಲೆಗಳು, ಅದಕ್ಕಿಂತ ಮುಖ್ಯವಾಗಿ ಚೌಕಗಳ ಮೇಲಿರುವ ಐದು ತಲೆಬರಹಗಳು ಕಾಣಬೇಕು. ತಲೆಬರಹ ಕತ್ತರಿಸಿ ಹೋದರೆ ಎಡಗಡೆಯ ಚೌಕ 1 ಆಗಿತ್ತೋ 5 ಆಗಿತ್ತೋ ಹೇಳಲಾಗದು. ನಮ್ಮಂಥ ಶಾಲೆಗಳಲ್ಲಿ ಹಾಳೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾಡುವುದು ವಾಡಿಕೆ. ಒಬ್ಬರು ಕನ್ನಡದ ಹಾಳೆಯಲ್ಲಿ "ಪೂರ್ತಿ ಒಪ್ಪುತ್ತೇನೆ" ಎಂಬುದನ್ನು ಎಡಕ್ಕೆ ಇಟ್ಟು, ಇನ್ನೊಬ್ಬರು ಇಂಗ್ಲಿಷಿನದರಲ್ಲಿ ಬಲಕ್ಕೆ ಇಟ್ಟಿದ್ದರೆ, ಎರಡರ ಫೋಟೋಗಳೂ ನೋಡಲು ಒಂದೇ ತರಹ! ಆದ್ದರಿಂದ ಎರಡೂ ಭಾಷೆಯ ಹಾಳೆಗಳಲ್ಲಿ ಚೌಕಗಳ ಕ್ರಮ ಒಂದೇ ಇರಲಿ.

ಫೋನನ್ನು ನೇರವಾಗಿ ಹಾಳೆಯ ಮೇಲೆ ಹಿಡಿಯಿರಿ. ಓರೆಯಾಗಿ ತೆಗೆದ ಫೋಟೋದಲ್ಲಿ ಸಾಲುಗಳು ವಾಲಿ, ಐದನೇ ಸಾಲಿನ ಗುರುತು ಆರನೆಯದರಂತೆ ಕಾಣುತ್ತದೆ. ಪೆನ್ಸಿಲಿನ ಗುರುತು ಫ್ಲ್ಯಾಶ್ ಬೆಳಕಿನಲ್ಲಿ ಹೊಳೆದು ಮಾಯವಾಗುತ್ತದೆ. ಕಿಟಕಿಯ ಬೆಳಕೇ ಒಳ್ಳೆಯದು. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲಾಗುವುದರಿಂದ ಆ ತಿಂಗಳು ಫೋಟೋ ಕೆಲಸವನ್ನು ಮಧ್ಯಾಹ್ನವೇ ಮುಗಿಸಿ. ಫೋಟೋವನ್ನು ಕಂಪ್ಯೂಟರಿಗೆ ಹಾಕಿದ ಕೂಡಲೇ ಹಾಳೆಯ ಸಂಖ್ಯೆಯನ್ನೇ ಹೆಸರಾಗಿ ಕೊಡಿ, `form_07.jpg` ಎಂಬಂತೆ. ಫೋನ್ ತಾನಾಗಿ ಇಟ್ಟ ಉದ್ದನೆಯ ಹೆಸರಿನಿಂದ ಮುಂದೆ ಏನನ್ನೂ ಹುಡುಕಲಾಗುವುದಿಲ್ಲ.

ಗುರುತಿನ ಬದಲು ಅಂಕಿ ಬರೆಯಲು ಹೇಳುವ ಹಾಳೆಗಳೂ ಉಂಟು. ಅಜ್ಜಿ ತಾತಂದಿರು ತುಂಬಿದ ಹಾಳೆಯಾದರೆ ಅಲ್ಲಿ ಕನ್ನಡದ ಅಂಕಿಗಳು ಬರಬಹುದು, ಇಲ್ಲಿ ಬೆಳೆದ ಮಕ್ಕಳಿಗೆ ಅವು ಅಪರಿಚಿತ. ೧ ಅವರ ಕಣ್ಣಿಗೆ ಸೊನ್ನೆಯಂತೆ, ೪ ಎಂಬುದು 8ರಂತೆ ಕಾಣುತ್ತದೆ. ಈ ಎರಡರಿಂದ ಅಪಾಯವಿಲ್ಲ, ಏಕೆಂದರೆ 0 ಮತ್ತು 8 ನಮ್ಮ 1–5ರ ಹೊರಗಿನವು, ಬೇಗ ಸಿಕ್ಕಿಬೀಳುತ್ತವೆ. ಅವಸರದಲ್ಲಿ ಬರೆದ ೩ನ್ನು 2 ಎಂದು ಓದಿದರೆ ಮಾತ್ರ ಸಿಕ್ಕಿಬೀಳುವುದಿಲ್ಲ, ಎರಡೂ ನ್ಯಾಯವಾದ ಅಂಕಗಳೇ. ಇದಕ್ಕೊಂದೇ ಉಪಾಯ, ಬರೆಸುವ ಬದಲು ಚೌಕಕ್ಕೆ ಗುರುತು ಹಾಕಿಸುವುದು.

ಕಂಡದ್ದನ್ನು ಕಂಡಂತೆ

ಈಗ ಕೋಡಿಂಗ್ ಶೀಟ್. ಅದು ಸಾಮಾನ್ಯ ಸ್ಪ್ರೆಡ್‌ಶೀಟ್ ಅಷ್ಟೇ. ಒಂದು ಹಾಳೆಗೆ ಒಂದು ಅಡ್ಡಸಾಲು, ಒಂದು ಹೇಳಿಕೆಗೆ ಒಂದು ಕಂಬಸಾಲು. ಮೊದಲ ಸಾಲಿನಲ್ಲಿ ಹೆಸರುಗಳು ಹೀಗಿರಲಿ:

```
A   B  C  D  E  F  G  H  I  J     K    L    M    N
ID  q1 q2 q3 q4 q5 q6 q7 q8 note  q2R  q4R  q6R  total
```

B ಇಂದ I ವರೆಗಿನ ಎಂಟು ಕಂಬಸಾಲುಗಳಲ್ಲಿ ಫೋಟೋದಲ್ಲಿ ಕಂಡ ಅಂಕ ಮಾತ್ರ, ತಿರುಗಿಸದೆ. ಮಗು ಎರಡನೇ ಹೇಳಿಕೆಗೆ "ಒಪ್ಪುವುದಿಲ್ಲ" ಎಂದಿದ್ದರೆ `q2` ಅಡಿಯಲ್ಲಿ 2. "ಇದು ತಿರುವು, ಆದ್ದರಿಂದ 4 ಹಾಕೋಣ" ಎಂದು ತಲೆಯಲ್ಲೇ ಲೆಕ್ಕ ಹಾಕಬಾರದು. ತಿರುಗಿಸುವ ಕೆಲಸ ಬಲಗಡೆಯ `q2R`, `q4R`, `q6R` ಕಂಬಸಾಲುಗಳದು. ಅದನ್ನು ಕಂಪ್ಯೂಟರ್ ಮಾಡುತ್ತದೆ.

ಏಕೆ ಈ ಕಟ್ಟುನಿಟ್ಟು? ಕೆಲಸಕ್ಕೆ ಇಬ್ಬರು ಕೂತಿದ್ದಾರೆ ಎನ್ನೋಣ. ಅಕ್ಕ ಅಂಕ ಸೇರಿಸುತ್ತಾ ಜಾಣತನದಿಂದ ಅಲ್ಲಲ್ಲೇ ತಿರುಗಿಸಿಬಿಡುತ್ತಾಳೆ. ಮರುದಿನ ತಮ್ಮ ಬಂದು ತಿರುವು ಸೂತ್ರ ಹಾಕುತ್ತಾನೆ. ಎರಡು ಸಲ ತಿರುಗಿದ್ದು ಎಲ್ಲಿ ಹೊರಟಿತ್ತೋ ಅಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅಕ್ಕ ಕೆಲವು ಹಾಳೆಗಳಲ್ಲಿ ತಿರುಗಿಸಿ, ನಿದ್ದೆ ಬಂದ ಮೇಲೆ ಉಳಿದವನ್ನು ಹಾಗೆಯೇ ಹಾಕುವುದು. ಆಗ ಯಾವ ಸಾಲು ಯಾವ ಬಗೆಯದೆಂದು ಶೀಟ್ ನೋಡಿ ಹೇಳಲು ಸಾಧ್ಯವೇ ಇಲ್ಲ, ಎಲ್ಲ ಫೋಟೋಗಳನ್ನೂ ಮತ್ತೆ ತೆರೆಯಬೇಕು. ಕಂಡ ಅಂಕವೇ ಶೀಟಿನಲ್ಲಿದ್ದರೆ ಯಾರು ಬೇಕಾದರೂ ಫೋಟೋವನ್ನೂ ಸಾಲನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬಹುದು.

ಗೊಂದಲದ ಗುರುತುಗಳಿಗೆ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಎರಡು ಗುರುತುಗಳಿದ್ದು ಒಂದನ್ನು ಹೊಡೆದುಹಾಕಿದ್ದರೆ ಉಳಿದದ್ದು ಉತ್ತರ. ಎರಡೂ ಹಾಗೆಯೇ ಇದ್ದರೆ ಖಾಲಿ ಬಿಟ್ಟು, `note` ಕಂಬಸಾಲಿನಲ್ಲಿ "5ಕ್ಕೆ ಎರಡು ಗುರುತು" ಎಂದು ಬರೆಯಿರಿ. ಎರಡು ಚೌಕಗಳ ನಡುವಿನ ಗೆರೆಯ ಮೇಲೆ ಕೂತ ಗುರುತಿಗೂ ಹಾಗೆಯೇ. ಮೂರೂವರೆ ಎಂಬ ಅಂಕ ಹಾಳೆಯಲ್ಲಿಲ್ಲ, ಆದ್ದರಿಂದ ಶೀಟಿನಲ್ಲೂ ಇರಬಾರದು. ಫೋಟೋ ಮಸುಕಾಗಿದ್ದರೆ ಊಹಿಸದೆ ಕಾಗದ ಇಟ್ಟುಕೊಂಡವರಿಗೆ ಫೋನ್ ಮಾಡಿ ಕೇಳಿ. ಅದಕ್ಕೇ ಕಾಗದಗಳನ್ನು ಕೆಲಸ ಮುಗಿಯುವವರೆಗೆ ಎಸೆಯಬಾರದು ಎನ್ನುವುದು.

ಇನ್ನು ಸೂತ್ರ. ಐದು ಮೆಟ್ಟಿಲುಗಳಲ್ಲಿ 1 ಎಂಬುದು 5 ಆಗಬೇಕು, 2 ಎಂಬುದು 4, 3 ಅಲ್ಲೇ ಉಳಿಯಬೇಕು. 6ರಿಂದ ಕಳೆದರೆ ಸರಿಯಾಗುತ್ತದೆ. 6 ಎಲ್ಲಿಂದ ಬಂತು? ಅತಿ ಕಡಿಮೆ ಅಂಕವಾದ 1ನ್ನೂ ಅತಿ ಹೆಚ್ಚಿನ 5ನ್ನೂ ಕೂಡಿದ್ದು. ರೋಸೆನ್‌ಬರ್ಗರ ಪ್ರಶ್ನಾವಳಿಯಲ್ಲಿ ನಾಲ್ಕೇ ಮೆಟ್ಟಿಲು. ಅದನ್ನು 1ರಿಂದ 4ರವರೆಗೆ ಎಣಿಸಿದರೆ 5ರಿಂದ ಕಳೆಯಬೇಕು, 0ಯಿಂದ 3ರವರೆಗೆ ಎಣಿಸಿದರೆ 3ರಿಂದ. 6 ಎಂಬುದನ್ನು ಮಂತ್ರದಂತೆ ಬಾಯಿಪಾಠ ಮಾಡಿದವರು ಇಲ್ಲಿ ಕೆಡುತ್ತಾರೆ.

ಸ್ಪ್ರೆಡ್‌ಶೀಟಿನಲ್ಲಿ `=6-C2` ಎಂದು ಬರೆದರೆ ಸಾಲದೇ? ಸಾಲದು. ಮಗು ಉತ್ತರಿಸದೆ ಬಿಟ್ಟ ಚೌಕ ಶೀಟಿನಲ್ಲಿ ಖಾಲಿ ಇರುತ್ತದೆ. ಕಳೆಯುವ ಲೆಕ್ಕದಲ್ಲಿ ಸ್ಪ್ರೆಡ್‌ಶೀಟ್ ಖಾಲಿ ಜಾಗವನ್ನು ಸೊನ್ನೆ ಎಂದು ತಿಳಿಯುತ್ತದೆ. 6ರಲ್ಲಿ ಸೊನ್ನೆ ಕಳೆದರೆ 6! ಏನೂ ಹೇಳದ ಮಗುವಿಗೆ ಎಲ್ಲರಿಗಿಂತ ಹೆಚ್ಚಿನ ಅಂಕ ಬಂದುಬಿಡುತ್ತದೆ. ಆದ್ದರಿಂದ ಹೀಗೆ ಬರೆಯಬೇಕು:

```
K2:  =IF(C2="","",6-C2)
L2:  =IF(E2="","",6-E2)
M2:  =IF(G2="","",6-G2)
N2:  =SUM(B2,D2,F2,H2,I2,K2:M2)
```

ಖಾಲಿ ಇದ್ದರೆ ಖಾಲಿಯೇ ಬಿಡು, ಇಲ್ಲದಿದ್ದರೆ 6ರಿಂದ ಕಳೆ, ಎಂಬುದು ಮೊದಲ ಮೂರರ ಅರ್ಥ. ಕೊನೆಯದರಲ್ಲಿ C, E, G ಇಲ್ಲದಿರುವುದನ್ನು ಗಮನಿಸಿ. ಅವುಗಳ ಬದಲು ತಿರುಗಿಸಿದ K, L, M ಕೂಡಿವೆ. ಎರಡನ್ನೂ ಸೇರಿಸಿ ಕೂಡುವುದು ಇನ್ನೊಂದು ಸಾಮಾನ್ಯ ಎಡವಟ್ಟು. ಎಂಟು ಹೇಳಿಕೆಗಳಿಗೆ 40ಕ್ಕಿಂತ ಹೆಚ್ಚು ಮೊತ್ತ ಬಂದರೆ ಮೊದಲು ಇದನ್ನೇ ಸಂಶಯಿಸಿ.

ಮೂರು ಹಾಳೆಗಳು

ಹಾಳೆ 07ರ ಫೋಟೋದಲ್ಲಿ ಒಂದರಿಂದ ಎಂಟರವರೆಗೆ ಕಂಡ ಅಂಕಗಳು 4, 2, 5, 1, 4, 3, 4, 2. ತಿರುಗಿಸಿದಾಗ ಎರಡನೆಯದು 4, ನಾಲ್ಕನೆಯದು 5, ಆರನೆಯದು 3. ಈಗ ಕೂಡಿ: 4, 4, 5, 5, 4, 3, 4, 2, ಒಟ್ಟು 31. ತಿರುಗಿಸದೆ ಕೂಡಿದ್ದರೆ 25 ಬರುತ್ತಿತ್ತು. ಎರಡು ಸಲ ತಿರುಗಿಸಿದ್ದರೂ ಅದೇ 25. ಎಂಟನೆಯದನ್ನೂ ತಿರುವೆಂದು ಭಾವಿಸಿದ್ದರೆ 33. ಮೂರೂ ನಂಬುವಂಥ ಸಂಖ್ಯೆಗಳೇ, ಮೊತ್ತ ನೋಡಿ ಯಾವುದು ಸರಿ ಎಂದು ಯಾರೂ ಹೇಳಲಾರರು. 8ರಿಂದ 40ರವರೆಗಿನ ಅಳತೆಯಲ್ಲಿ 24 ನಟ್ಟನಡುವೆ ಇದೆ. 25 ಬಂದ ಮಗುವಿಗೆ ಕನ್ನಡ ಇದ್ದರೂ ಆಯಿತು ಇಲ್ಲದಿದ್ದರೂ ಆಯಿತು ಎಂದು ನಾವು ಓದುತ್ತೇವೆ. ಆದರೆ ಅದೇ ಮಗು ಮಾಲ್‌ನಲ್ಲಿ ಕನ್ನಡ ಮಾತಾಡಲು ಮುಜುಗರವಿಲ್ಲ ಎಂದೂ, ಕನ್ನಡ ಓದುವುದು ದಂಡ ಎಂಬುದನ್ನು ಖಂಡಿತ ಒಪ್ಪುವುದಿಲ್ಲ ಎಂದೂ ಗುರುತು ಹಾಕಿತ್ತು. ನಾವು ಅದರ ಮಾತನ್ನೇ ತಿರುಗಿಸಿ ಹೇಳಿದಂತಾಯಿತು.

ಹಾಳೆ 12ರಲ್ಲಿ ಎಲ್ಲ ಎಂಟಕ್ಕೂ 4. ಕಂಡ ಅಂಕಗಳ ಮೊತ್ತ 32, ತಿರುಗಿಸಿದ ಮೇಲೆ ಐದು ನಾಲ್ಕುಗಳು ಮತ್ತು ಮೂರು ಎರಡುಗಳು, ಒಟ್ಟು 26. ಮೊತ್ತಕ್ಕಿಂತ ಸಾಲೇ ಇಲ್ಲಿ ಹೆಚ್ಚು ಹೇಳುತ್ತದೆ. ಕನ್ನಡ ಪದ ಕಲಿಯಲು ಆಸೆ ಎಂದವರೇ ಕನ್ನಡ ಓದುವುದು ದಂಡ ಎಂಬುದನ್ನೂ ಒಪ್ಪಿದ್ದಾರೆ. ಓದದೆ ಗುರುತು ಹಾಕಿರಬಹುದು, ಮಾತಾಡುವುದು ಬೇಕು ಓದುವುದು ಬೇಡ ಎಂಬ ನಿಜವಾದ ಅಭಿಪ್ರಾಯವೂ ಇರಬಹುದು. ಸಾಲನ್ನು ಅಳಿಸಬೇಡಿ. `note` ಅಡಿಯಲ್ಲಿ "ಎಲ್ಲ 4" ಎಂದು ಬರೆದು, ಅದನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ. ಗಮನಿಸಿ, ತಿರುವು ಹೇಳಿಕೆಗಳು ಇಲ್ಲದಿದ್ದರೆ ಈ ಹಾಳೆ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅಂಕ ಸೇರಿಸುವಾಗಲೇ ತಿರುಗಿಸಿಬಿಟ್ಟಿದ್ದರೂ ಈ ನಾಲ್ಕುಗಳ ಸಾಲು ಮಾಯವಾಗುತ್ತಿತ್ತು.

ಹಾಳೆ 19ರಲ್ಲಿ ಆರನೆಯದು ಖಾಲಿ: 5, 1, 5, 2, 5, ಖಾಲಿ, 4, 4. ತಿರುಗಿಸಿದ ಮೇಲೆ ಏಳು ಉತ್ತರಗಳ ಮೊತ್ತ 32. ಬರಿಯ `=6-G2` ಬರೆದಿದ್ದರೆ ಇಲ್ಲದ ಉತ್ತರಕ್ಕೆ 6 ಸೇರಿ 38 ಆಗುತ್ತಿತ್ತು. ಆದರೆ 32 ಎಂಬ ಮೊತ್ತವನ್ನೂ ಇತರರ ಎಂಟು ಉತ್ತರಗಳ ಮೊತ್ತದ ಪಕ್ಕ ಇಡುವುದು ನ್ಯಾಯವಲ್ಲ. ಹಾಗಾಗಿ ಖಾಲಿಗಳಿರುವಾಗ ಮೊತ್ತದ ಬದಲು ಸರಾಸರಿ ತೆಗೆಯಿರಿ, `SUM` ಇದ್ದಲ್ಲಿ `AVERAGE` ಬರೆದರೆ ಸಾಕು. 32ನ್ನು 7ರಿಂದ ಭಾಗಿಸಿದರೆ ಸುಮಾರು 4.6. ಅರ್ಧಕ್ಕಿಂತ ಹೆಚ್ಚು ಖಾಲಿ ಬಿಟ್ಟ ಹಾಳೆಗೆ ಮಾತ್ರ ಸರಾಸರಿಯನ್ನೂ ತೆಗೆಯದಿರುವುದು ಒಳ್ಳೆಯದು.

ತಪ್ಪು ಗೊತ್ತಾಗುವುದು ಹೇಗೆ

ಕಣ್ಣು ತಪ್ಪಿ ಬಿದ್ದ ಅಂಕಗಳಿಗೆ ಹಳೆಯ ಉಪಾಯವೇ ಒಳ್ಳೆಯದು, ಇಬ್ಬರು ಬೇರೆಬೇರೆಯಾಗಿ ಅದೇ ಫೋಟೋಗಳನ್ನು ನೋಡಿ ಎರಡು ಶೀಟ್ ಮಾಡುವುದು. ಒಬ್ಬರು ಓದಿ ಹೇಳುತ್ತಾ ಇನ್ನೊಬ್ಬರು ಬರೆಯುವುದು ಬೇಡ, ಆಗ ಇಬ್ಬರ ತಪ್ಪೂ ಒಂದೇ ಆಗುತ್ತದೆ. ಮೊದಲನೆಯವರ ಶೀಟಿಗೆ `entry1` ಎಂದೂ ಎರಡನೆಯವರ ಶೀಟಿಗೆ `entry2` ಎಂದೂ ಹೆಸರಿಟ್ಟು, ಮೂರನೆಯ ಶೀಟಿನ B2 ಚೌಕದಲ್ಲಿ ಹೀಗೆ ಬರೆದು ಎಲ್ಲೆಡೆ ಎಳೆಯಿರಿ:

```
=IF(entry1!B2=entry2!B2,"","X")
```

X ಬಿದ್ದಲ್ಲೆಲ್ಲ ಫೋಟೋ ತೆರೆದು ನೋಡಿ. ಒಂದೇ ಸಾಲಿನಲ್ಲಿ X ಸಾಲಾಗಿ ಬಿದ್ದರೆ ಒಬ್ಬರು ಒಂದು ಹೇಳಿಕೆಯನ್ನು ಹಾರಿಸಿ ಮುಂದಿನ ಅಂಕಗಳನ್ನೆಲ್ಲ ಒಂದು ಮನೆ ಹಿಂದಕ್ಕೆ ಹಾಕಿದ್ದಾರೆ ಎಂದರ್ಥ. `q2`, `q4`, `q6` ಅಡಿಯಲ್ಲಿ ಮಾತ್ರ ಉದ್ದಕ್ಕೂ X ಇದ್ದರೆ ಒಬ್ಬರು ತಲೆಯಲ್ಲೇ ತಿರುಗಿಸಿದ್ದಾರೆ. ಅದರ ಇನ್ನೊಂದು ಲಕ್ಷಣವೆಂದರೆ, ಅಲ್ಲಿ ಎರಡೂ ಶೀಟಿನ ಅಂಕಗಳನ್ನು ಕೂಡಿದರೆ ಯಾವಾಗಲೂ 6 ಬರುತ್ತದೆ. ಉತ್ತರ 3 ಇದ್ದಲ್ಲಿ ಮಾತ್ರ X ಬೀಳುವುದಿಲ್ಲ.

ಇಬ್ಬರೂ ಒಂದೇ ತಪ್ಪು ಪಟ್ಟಿಯನ್ನು ನಂಬಿ ಕೆಲಸ ಮಾಡಿದ್ದರೆ ಈ ಪರೀಕ್ಷೆ ಏನೂ ಹೇಳದು. ಅದಕ್ಕೆ 1932ರಲ್ಲಿ ಲಿಕರ್ಟ್ ಅವರೇ ಬಳಸಿದಂಥ ಪರೀಕ್ಷೆ ಬೇಕು. ಹಾಳೆಗಳನ್ನು `total` ಪ್ರಕಾರ ಜೋಡಿಸಿ. ಮೂವತ್ತು ಹಾಳೆಗಳಿದ್ದರೆ ಮೇಲಿನ ಎಂಟನ್ನೂ ಕೆಳಗಿನ ಎಂಟನ್ನೂ ತೆಗೆದುಕೊಳ್ಳಿ. ಪ್ರತಿ ಹೇಳಿಕೆಗೂ (2, 4, 6ಕ್ಕೆ ತಿರುಗಿಸಿದ ಅಂಕದಲ್ಲಿ) ಎರಡೂ ಗುಂಪುಗಳ ಸರಾಸರಿ ತೆಗೆಯಿರಿ. ಒಲವು ಹೆಚ್ಚಿರುವ ಮೇಲಿನ ಗುಂಪಿನ ಸರಾಸರಿ ಪ್ರತಿ ಹೇಳಿಕೆಯಲ್ಲೂ ಹೆಚ್ಚಿರಬೇಕು. ಒಂದು ಹೇಳಿಕೆಯಲ್ಲಿ ಮೇಲಿನವರಿಗೆ 2, ಕೆಳಗಿನವರಿಗೆ 4 ಬಂದರೆ ಆ ಕಂಬಸಾಲು ತಲೆಕೆಳಗಾಗಿದೆಯೆಂದು ಸಂಶಯಿಸಬೇಕು. ತಿರುಗಿಸಬೇಕಾದ್ದನ್ನು ಬಿಟ್ಟಿರಬಹುದು, ಬೇಡದ್ದನ್ನು ತಿರುಗಿಸಿರಬಹುದು. ಸಂಶಯ ಬಂದ ಕೂಡಲೇ ಸೂತ್ರ ಬದಲಿಸಬೇಡಿ. ಮೊದಲು ಹೇಳಿಕೆಯನ್ನು ಓದಿ, ಆಮೇಲೆ ನಾಲ್ಕೈದು ಫೋಟೋ ನೋಡಿ.

ಕೆಲವೊಮ್ಮೆ ಕೋಡಿಂಗ್ ಸರಿಯೇ ಇರುತ್ತದೆ, ಹೇಳಿಕೆಯೇ ತೊಡಕಿನದಾಗಿರುತ್ತದೆ. ನಮ್ಮ ಎಂಟನೆಯದು ಅಂಥದ್ದು. "ತಿಂಡಿ ತಿಂದಿಲ್ವಾ?" ಎಂದು ಕೇಳಿದರೆ ಊರಿನ ಅಜ್ಜಿ "ಹೂಂ, ತಿಂದಿಲ್ಲ" ಎಂದಾರು. ಇಲ್ಲಿ ಇಂಗ್ಲಿಷಿನಲ್ಲಿ ಬೆಳೆದ ಮೊಮ್ಮಗ ಅದೇ ಅರ್ಥದಲ್ಲಿ "ಇಲ್ಲ" ಎನ್ನುತ್ತಾನೆ. "ನಾಚಿಕೆಯಾಗುವುದಿಲ್ಲ" ಎಂಬುದರ ಮುಂದೆ ಅವನು "ಇಲ್ಲ, ನಾಚಿಕೆಯಿಲ್ಲ" ಎಂದುಕೊಂಡು "ಒಪ್ಪುವುದಿಲ್ಲ" ಎಂಬ ಚೌಕಕ್ಕೆ ಗುರುತು ಹಾಕಿಬಿಡಬಹುದು. ಹಾಳೆ 07ರಲ್ಲಿ ಉಳಿದೆಲ್ಲ ಉತ್ತರಗಳ ನಡುವೆ ಎಂಟನೆಯದಕ್ಕೆ 2 ಬಂದದ್ದು ಹೀಗೆಯೂ ಇರಬಹುದು, ನಿಜವಾಗಿ ನಾಚಿಕೆಯ ಸ್ವಭಾವದ ಮಗುವೂ ಇರಬಹುದು. ಫೋಟೋದಿಂದ ಅದು ತಿಳಿಯದು, ಆದ್ದರಿಂದ 2 ಎಂಬುದನ್ನು ತಿದ್ದುವ ಹಕ್ಕು ನಮಗಿಲ್ಲ. ಈ ತೊಡಕು ನಮ್ಮ ಭಾಷೆಗಷ್ಟೇ ಸೇರಿದ್ದಲ್ಲ. ರೋಸೆನ್‌ಬರ್ಗರ ಪ್ರಶ್ನಾವಳಿಯನ್ನು 53 ದೇಶಗಳಲ್ಲಿ ಬಳಸಿ ಡೇವಿಡ್ ಶ್ಮಿಟ್ ಮತ್ತು ಯೂರಿ ಅಲ್ಲಿಕ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ನಕಾರಾತ್ಮಕ ಹೇಳಿಕೆಗಳನ್ನು ಬೇರೆಬೇರೆ ದೇಶಗಳ ಜನ ಬೇರೆಬೇರೆಯಾಗಿ ಅರ್ಥಮಾಡಿಕೊಳ್ಳುತ್ತಾರೆಂದು ಕಂಡುಬಂದಿತು. ನಮ್ಮ ಅಭಿಪ್ರಾಯದಲ್ಲಿ ತಿರುವು ಹೇಳಿಕೆ ಬೇಕು, ಆದರೆ ಅದನ್ನು "ಇಲ್ಲ" ಸೇರಿಸಿ ಮಾಡಬಾರದು. "ಮುಜುಗರವಾಗುತ್ತದೆ", "ದಂಡ" ಎಂಬಂಥ ನೇರ ಮಾತಿನಲ್ಲೇ ಬರೆಯಬೇಕು. ಮುಂದಿನ ಸಲ ಎಂಟನೆಯದನ್ನು "ತಪ್ಪಾದರೂ ಧೈರ್ಯವಾಗಿ ಕನ್ನಡದಲ್ಲಿ ಮಾತಾಡುತ್ತೇನೆ" ಎಂದು ಬದಲಿಸಬಹುದು. ಹಾಗೆ ಬದಲಿಸಿದ ಮೇಲೆ ಹಳೆಯ ಹಾಳೆಗಳ ಎಂಟನೇ ಅಂಕವನ್ನೂ ಹೊಸದನ್ನೂ ಒಂದೇ ಕಂಬಸಾಲಿನಲ್ಲಿ ಬೆರೆಸುವಂತಿಲ್ಲ.

ಶೀಟ್ ಮುಗಿದ ಮೇಲೆ ಅದೇ ಫೈಲಿನಲ್ಲಿ ಇನ್ನೊಂದು ಪುಟ ತೆರೆದು ಇಷ್ಟನ್ನು ಬರೆದಿಡಿ: ಎಂಟೂ ಹೇಳಿಕೆಗಳ ಪೂರ್ತಿ ವಾಕ್ಯ, 1 ಎಂದರೇನು 5 ಎಂದರೇನು, ತಿರುವುಗಳು 2, 4, 6, ಬಳಸಿದ ಸೂತ್ರ, ಗೊಂದಲದ ಗುರುತುಗಳ ನಿಯಮ, ಅಂಕ ಸೇರಿಸಿದ ದಿನಾಂಕ. ಒಂದು ವರ್ಷದ ನಂತರ ತಂಗಿಯೋ ತಮ್ಮನೋ ಅದೇ ಫೈಲ್ ತೆರೆದಾಗ `q2R` ಎಂದರೆ ಏನೆಂದು ಕೇಳಲು ನೀವು ಯೂನಿವರ್ಸಿಟಿ ಸೇರಿ ಬೇರೆ ಊರಿನಲ್ಲಿರಬಹುದು. ಎರಡೂ ಶೀಟ್ ತಾಳೆಯಾದ ಮೇಲೆ ಫೋಟೋಗಳನ್ನು ಫೋನುಗಳಿಂದ ಅಳಿಸಿ. ಹೆಸರಿಲ್ಲದಿದ್ದರೂ ಕೈಬರಹ ನೋಡಿ ಇದು ಯಾರದೆಂದು ಹೇಳಬಲ್ಲಷ್ಟು ಚಿಕ್ಕ ಬಳಗ ನಮ್ಮದು. ಕಾಗದದ ಹಾಳೆಗಳನ್ನು ಮಾತ್ರ ವರದಿ ಒಪ್ಪಿಸುವವರೆಗೆ ಒಂದು ಲಕೋಟೆಯಲ್ಲಿ ಮುಚ್ಚಿ, ಒಬ್ಬ ಹಿರಿಯರ ಬಳಿ ಇಡಿ.